ರೌಫ್ ಸಾಹೇಬರು ಹಿಡಿದಿಟ್ಟ ಭಾನುವಾರ

"ಕೂಡ್ರಿ, ಮೊದ್ಲು ನೀರು ಕುಡೀರಿ. ಈಗ ಹೇಳ್ರಿ, ದಿನ ಗೊತ್ತು ಮಾಡ್ಕಂಡು ಹಾಲ್ ಕೇಳಾಕೆ ಬಂದೀರೋ, ಹಾಲ್ ಕೇಳ್ಕಂಡು ದಿನ ಗೊತ್ತು ಮಾಡಾಕೆ ಬಂದೀರೋ? ಎಲ್ರೂ ಮಾಡೋ ತಪ್ಪು ಇದೇ ನೋಡ್ರಿ. ಹಿರಿಯರು ಕೂಡ್ತಾರೆ, ಸಕ್ಕರೆ ಹಂಚ್ತಾರೆ, ಆಮೇಲೆ ನನ್ಹತ್ರ ಓಡಿ ಬರ್ತಾರೆ. ಅವತ್ತು ಹಾಲ್ ಇರಲ್ಲ. ಅದಕ್ಕೇ ಅಯ್ನೋರ ಹತ್ರ ಎರಡು ಮೂರು ಮುಹೂರ್ತ ಬರೆಸ್ಕಂಡು ಬರ್ರಿ, ಖಾಲಿ ಇದ್ದದ್ದು ಕೊಡ್ತೀನಿ. ಮುಂಗಡ ಕೊಟ್ಟು ರಸೀದಿ ಇಸ್ಕಂಡ್ರೇನೆ ಬುಕಿಂಗು. ಬಾಯಾಗೆ ಹೇಳಿದ್ದು ಗಾಳಿ. ಹಿಂದಿನ ದಿನ ಬೆಳಗ್ಗೆ ಬೀಗ ನಿಮ್ಮ ಕೈಗೆ, ಮುಹೂರ್ತದ ದಿನ ಮಧ್ಯಾಹ್ನ ಮೂರಕ್ಕೆ ನನ್ನ ಕೈಗೆ. ನಡುವೆ ನೀವು ರಾಜರು. ಅಡುಗೆಯೋರು, ಸ್ಟೇಜಿನೋರು, ಫೋಟೋದೋರು, ಇವರನ್ನ ಮೂರು ತಿಂಗಳು ಮುಂಚೆ ಹಿಡೀರಿ. ಒಂದು ತಿಂಗಳು ಇರ್ತಾ ಊಟದ ಐಟಂ ಗಟ್ಟಿ ಮಾಡ್ರಿ. ಒಂದು ವಾರ ಇರ್ತಾ ಎಷ್ಟು ಎಲೆ, ಎಷ್ಟು ತಟ್ಟೆ ಅಂತ ಹೇಳ್ರಿ. ಆಮೇಲೆ ಹೆಚ್ಚಿಗೆ ಬೇಕಂದ್ರೆ ಸೇರಿಸ್ಬಹುದು, ಕಡಿಮೆ ಮಾಡಾಕೆ ಬರಲ್ಲ, ಯಾಕಂದ್ರೆ ತರಕಾರಿ ಆಗ್ಲೇ ಹೇಳಿರ್ತಾರೆ. ಸ್ಟೇಜು ಕಟ್ಟೋದು ಹಿಂದಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮುಗೀಬೇಕು. ಸ್ಪೀಕರು ರಾತ್ರಿ ಹತ್ತಕ್ಕೆ ಬಂದ್, ಅದು ನನ್ನ ಮಾತಲ್ಲ, ಸರ್ಕಾರದ್ದು. ಮಾಂಸದ ಅಡುಗೆ ಇದ್ರೆ ಹಿಂದಿನ ಬಯಲಾಗೆ ಬೇರೆ ಅಡುಗೆಮನೆ ಐತೆ, ಪಾತ್ರೆನೂ ಬೇರೆ. ಮಾರನೆ ದಿನ ಒಬ್ರು ಹಿರಿಯರು ಬಂದು ಪಾತ್ರೆ ಎಣಿಸಿ ಕೊಟ್ಟು, ಮರೆತ ಸಾಮಾನು ತಗಂಡು ಹೋಗ್ಬೇಕು. ಏನನ್ನೂ ತಲೆಯಾಗೆ ಇಟ್ಕಬ್ಯಾಡ್ರಿ. ತಲೆಯಾಗೆ ಇಟ್ಕಂಡೋನು ಕೆಟ್ಟ."

ರೌಫ್ ಸಾಹೇಬರ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಶಾಮನೂರು ರಸ್ತೆಯ ನೀಲಗಂಗಾ ಕಲ್ಯಾಣ ಮಂಟಪದಲ್ಲಿ ಅವರು ಮ್ಯಾನೇಜರು, ನಾನು ಉಗ್ರಾಣದವಳು. ಅವರ ಮೇಜಿಗೂ ನನ್ನ ಉಗ್ರಾಣಕ್ಕೂ ನಡುವೆ ಇರುವುದು ಒಂದು ಅಡ್ಡಗೋಡೆ. ಅದು ಸೂರಿನವರೆಗೂ ಹೋಗಿಲ್ಲ. ಹಾಗಾಗಿ ದಾವಣಗೆರೆಯ ಅರ್ಧ ಮದುವೆಗಳು ಹೇಗೆ ಶುರುವಾಗುತ್ತವೆ ಎನ್ನುವುದು ನನಗೆ ಗೊತ್ತು. ಬೀಗರು ಬೀಗರ ಮುಂದೆ ಆಡದ ಮಾತನ್ನೆಲ್ಲ ರೌಫ್ ಸಾಹೇಬರ ಮುಂದೆ ಆಡುತ್ತಾರೆ.

ಎಲೆಯಡಿಕೆ ಹಾಕದ, ಟೀ ಒಂದನ್ನೇ ನಂಬಿದ ಸಣಕಲು ಮನುಷ್ಯ ಅವರು. ಮೊದಲು ಇಲ್ಲೇ ಕುರ್ಚಿ ಹಾಕುವ ಕೆಲಸಕ್ಕೆ ಸೇರಿದವರು. ಮಾಲೀಕರಾದ ಕರಿಬಸವರಾಜಪ್ಪನವರು ಇವರ ಅಚ್ಚುಕಟ್ಟು ನೋಡಿ ಮೇಜು ಕೊಟ್ಟರು, ಕೀಲಿಗೊಂಚಲು ಕೊಟ್ಟರು. ಮಗಳು ಸಾಯಿಮಾ ಲಂಗ ಹಾಕುವ ವಯಸ್ಸಿನಲ್ಲಿ ಅಪ್ಪನ ಜೊತೆ ಬಂದು ಈ ಸ್ಟೇಜಿನ ಮೇಲೆ ಕುಣಿಯುತ್ತಿದ್ದಳು. ಆಗೊಮ್ಮೆ ಮಾಲೀಕರು, "ರೌಫಾ, ಇವಳ ಮದ್ವೆ ಇಲ್ಲೇ ಆಗ್ಬೇಕು ನೋಡು. ಖಾಲಿ ಇರೋ ದಿನ ಯಾವ್ದಾದ್ರೂ ತಗ, ಬಾಡಿಗೆ ಮಾತು ಎತ್ತಬ್ಯಾಡ" ಎಂದಿದ್ದರು. ಅದು ಬಾಯಲ್ಲಿ ಹೇಳಿದ ಮಾತೇ. ಆದರೆ ಸಾಹೇಬರು ಅದೊಂದನ್ನು ಮಾತ್ರ ಗಾಳಿ ಎಂದುಕೊಳ್ಳಲಿಲ್ಲ.

ಸಾಯಿಮಾಗೆ ಹರಿಹರದ ಹಯಾತ್ ಸಾಬರ ಮಗ ನೌಮಾನ್ ಜೊತೆ ಸಂಬಂಧ ಕೂಡಿತು. ಬೀಗರಾಗಲಿರುವವರು ರಂಜಾನ್ ಹಬ್ಬದ ಊಟಕ್ಕೆ ಬಂದು ಮದುವೆಯ ದಿನ ಗೊತ್ತು ಮಾಡುವುದು ಎಂದಾಯಿತು. ಸಾಹೇಬರು ಆಗಲೇ ಮುಂದಿನ ಅಕ್ಟೋಬರಿನ ಕೊನೆಯ ಭಾನುವಾರವನ್ನು ಮಗಳಿಗೆಂದು ಹಿಡಿದಿಟ್ಟಿದ್ದರು. ಬುಕಿಂಗ್ ಪುಸ್ತಕದಲ್ಲಿ ಬರೆಯಲಿಲ್ಲ. ಮನೆಯಾಕೆ ಖತೀಜಾಬೀಗೂ ಹೇಳಲಿಲ್ಲ. ಹಬ್ಬದ ದಿನ ಎಲ್ಲರೂ ಊಟಕ್ಕೆ ಕೂತಾಗ ತಾವೇ ಬಾಯಿಬಿಟ್ಟು ಹೇಳಬೇಕು, ಮಗಳ ಮುಖ ನೋಡಬೇಕು ಎನ್ನುವುದು ಅವರ ಆಸೆ. ನನಗೆ ಹೇಗೆ ಗೊತ್ತು ಎಂದರೆ, ಆ ಭಾನುವಾರ ಕೇಳಿಕೊಂಡು ಬಂದವರಿಗೆಲ್ಲ, "ಅವತ್ತು ಹಾಲಿಗೆ ಬಣ್ಣ ಹೊಡೆಸ್ತೀವಿ, ಇಲ್ರಿ" ಎನ್ನುತ್ತಿದ್ದರು. ಮದುವೆ ಸುಗ್ಗಿಯಲ್ಲಿ, ಅದೂ ಭಾನುವಾರ, ಯಾವ ಮಂಟಪಕ್ಕಾದರೂ ಬಣ್ಣ ಹೊಡೆಸುತ್ತಾರೆಯೇ? ಒಂದು ಸಲ ಅಡ್ಡಗೋಡೆಯ ಈಚೆಯಿಂದಲೇ ಕೇಳಿದೆ.

"ಯಾವ ಬಣ್ಣ ಸಾಹೇಬ್ರೆ?"

"ಮೆಹೆಂದಿ ಬಣ್ಣ, ಮಂಗಳಮ್ಮ. ನೀವು ಬೆಲ್ಲದ ಡಬ್ಬಿ ಮುಚ್ಚಿ, ಇರುವೆ ಬಂದಾವು" ಎಂದರು. ಅಷ್ಟು ಸಾಕಾಯಿತು.

ಆ ರಂಜಾನಿಗೆ ಇನ್ನೂ ನಾಲ್ಕೈದು ತಿಂಗಳಿರುವಾಗ, ದೀಪಾವಳಿ ಮುಗಿದ ಮೇಲೆ ಹರಿಹರದ ಅಕ್ಕನಾಗಮ್ಮ ಬಂದರು. ಹರಿಹರದಲ್ಲಿ ಅವರದು ಕಿರಾಣಿ ಸಗಟು ವ್ಯಾಪಾರ. ಮೊಮ್ಮಗ ಬಸವಕಿರಣನಿಗೆ ಇಲ್ಲಿನ ಎಸ್.ಎಸ್. ಬಡಾವಣೆಯ ಹುಡುಗಿ ಕೃತಿಕಾ ಗೊತ್ತಾಗಿದ್ದಳು. ಯುಗಾದಿ ಗುರುವಾರ. ಅದೇ ವಾರದ ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಮುಹೂರ್ತ ಎಂದು ಬರೆಸಿಕೊಂಡು ಬಂದಿದ್ದರು. ಸಾಹೇಬರು ಎಂದಿನ ಮಾತನ್ನೆಲ್ಲ ಒಪ್ಪಿಸಿದರು. ಅಕ್ಕನಾಗಮ್ಮ ಪೂರ್ತಿ ಕೇಳಿದ ಮೇಲೆ ಒಂದೇ ಪ್ರಶ್ನೆ ಹಾಕಿದರು.

"ಅಲ್ರೀ ಸಾಬ್ರೆ, ಯುಗಾದಿ ಬಗಲಾಗೇ ನಿಮ್ಮ ರಂಜಾನು ಬರ್ತತಂತಲ್ಲ. ನಿಮ್ಮ ಕೆಲಸಗಾರ್ರೆಲ್ಲ ನಿಮ್ಮೋರೇ. ಅಡ್ಡಿ ಆಗಂಗಿಲ್ವಾ?"

ಸಾಹೇಬರು ಗೋಡೆಯ ಕ್ಯಾಲೆಂಡರ್ ಕಡೆ ಬೆರಳು ತೋರಿಸಿದರು. "ನೋಡ್ರಮ್ಮ, ಕೆಂಪಗೆ ಬರೆದೈತೆ, ಶುಕ್ರವಾರ. ಶುಕ್ರವಾರ ಹಬ್ಬ ಮಾಡ್ತಾರೆ, ಶನಿವಾರ ಬೆಳಗ್ಗೆ ಕೈ ತೊಳ್ಕಂಡು ಸ್ಟೇಜಿಗೆ ಬರ್ತಾರೆ. ನಾನು ಪ್ಲಾನ್ ಮಾಡ್ದೆ ಹೇಳ್ತೀನಾ?"

ಅಕ್ಕನಾಗಮ್ಮನಿಗೆ ಸಮಾಧಾನವಾಯಿತು. ನನಗೂ ಆಯಿತು. ಈಗ ನೆನೆದರೆ ನಗು ಬರುತ್ತದೆ. ಯುಗಾದಿ ಚಂದ್ರ ಹಬ್ಬದ ಮಾರನೆ ದಿನ, ವರ್ಷತೊಡಕಿನ ಸಂಜೆ ಕಾಣುವುದು. ನಮ್ಮವರು ಹುಟ್ಟಿದಾಗಿನಿಂದ ಅದನ್ನು ಮಾಳಿಗೆ ಹತ್ತಿ ನೋಡಿ ಕೈ ಮುಗಿಯುತ್ತಾರೆ. ಅದೇ ಚಂದ್ರನನ್ನು ಪಕ್ಕದ ಮಾಳಿಗೆಯವರು ನೋಡಿ ಮಾರನೆ ದಿನ ರಂಜಾನ್ ಮಾಡುತ್ತಾರೆ. ಯುಗಾದಿ ಗುರುವಾರವಾದರೆ ಚಂದ್ರ ಶುಕ್ರವಾರ, ಅವರ ಹಬ್ಬ ಶನಿವಾರ. ಇದಕ್ಕೆ ಓದೇನೂ ಬೇಡ. ಆದರೆ ನಮ್ಮ ಚಂದ್ರನ ಲೆಕ್ಕ ನಮ್ಮದು, ಅವರ ಚಂದ್ರನ ಲೆಕ್ಕ ಅವರದು ಎಂದು ಆ ಕೋಣೆಯಲ್ಲಿದ್ದ ಮೂವರೂ ಸುಮ್ಮನೆ ಕ್ಯಾಲೆಂಡರ್ ನೋಡಿದೆವು.

ಅಲ್ಲಿಂದ ಮುಂದೆ ಎಲ್ಲವೂ ಸಾಹೇಬರು ಹೇಳಿದ ಹಾಗೇ ನಡೆಯಿತು. ಅಡುಗೆಯವರು ಗೊತ್ತಾದರು. ಸ್ಟೇಜು ಮತ್ತು ದೀಪ ಅತೀಕನಿಗೆ ಹೋಯಿತು. ಅವನ ಕೈಯಲ್ಲಿ ಹೂ ಕಟ್ಟಿದರೆ ಗಿಡದಲ್ಲಿ ಇದ್ದ ಹಾಗೇ ಇರುತ್ತದೆ. ತಿಂಗಳ ಮುಂಚೆ ಊಟ ನಿಶ್ಚಯವಾಯಿತು, ಆರತಕ್ಷತೆಗೆ ಬಫೆ, ಮುಹೂರ್ತಕ್ಕೆ ಬಾಳೆ ಎಲೆ. ಹೋಳಿಗೆಯೋ ಜಹಾಂಗೀರೋ ಎನ್ನುವುದಕ್ಕೆ ಎರಡು ಕಡೆಯವರ ನಡುವೆ ಅರ್ಧ ದಿನದ ಮಾತು ನಡೆದು, ಕಡೆಗೆ ಎರಡೂ ಇರಲಿ ಎಂದಾಯಿತು. ವಾರದ ಮುಂಚೆ ಊಟದ ಲೆಕ್ಕ ಹೇಳಿದರು. ಹರಿಹರದವರು ಯಾವತ್ತೂ ಕಡಿಮೆ ಹೇಳುತ್ತಾರೆ ಎಂದು ಸಾಹೇಬರು ಅಕ್ಕಿಯನ್ನು ತುಸು ಮೇಲೆಯೇ ತರಿಸಿಟ್ಟರು. ಜನರೇಟರಿಗೆ ಡೀಸೆಲ್, ಅಡುಗೆಗೆ ಸಿಲಿಂಡರ್, ಕೋಣೆಗಳಿಗೆ ಹೊಸ ಬಲ್ಬು ಎಲ್ಲ ಬಂದವು. "ಮಂಗಳಮ್ಮ, ಈ ಮದ್ವೆ ಗಡಿಯಾರ ಇದ್ದಂಗೆ" ಎಂದರು.

ಗುರುವಾರ ಬೇವು ಬೆಲ್ಲ ತಿಂದು, ಸಂಜೆ ಉಗ್ರಾಣದ ಸಾಮಾನು ಸರಿ ಮಾಡಲು ಬಂದೆ. ಮಂಟಪದ ಮಾಳಿಗೆಯ ಮೇಲೆ ಸಾಹೇಬರು, ಅತೀಕ್, ಅವನ ಆಳುಗಳು ಪಡುವಣ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು. ಬಾನು ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛವಾಗಿತ್ತು. ಒಂದು ಗೀರೂ ಇರಲಿಲ್ಲ.

"ಕಾಣ್ತಾನೆ, ತಡಿ. ಆ ನೀರಿನ ಟ್ಯಾಂಕಿನ ಬಗಲಾಗೆ ನೋಡು" ಎಂದರು ಸಾಹೇಬರು.

"ಅದು ಪಾರಿವಾಳ, ಭಾಯ್" ಎಂದ ಅತೀಕ್.

ಮಸೀದಿಯಿಂದ ಕೂಗಿ ಹೇಳಿದರು, ಚಂದ್ರ ಕಂಡಿಲ್ಲ, ನಾಳೆಯೂ ರೋಜಾ ಉಪವಾಸ, ಶನಿವಾರ ಹಬ್ಬ. ಸಾಹೇಬರು ಮೆಟ್ಟಿಲು ಇಳಿದು ಬಂದು ಮೊದಲು ಮಾಡಿದ ಕೆಲಸವೆಂದರೆ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತದ್ದು. ಅದು ಇನ್ನೂ ಶುಕ್ರವಾರವೇ ಎನ್ನುತ್ತಿತ್ತು.

"ಅತೀಕ್, ಶನಿವಾರ ಬೆಳಗ್ಗೆ ನೀನು ಬರಲೇಬೇಕಲ್ಲಪ್ಪ."

"ಬೈಯ್ರಿ, ಹೊಡೀರಿ, ಹಬ್ಬದ ಬೆಳಗ್ಗೆ ಮಾತ್ರ ಕರೀಬ್ಯಾಡ್ರಿ. ನಾನು ಬಂದ್ರೂ ಹುಡುಗ್ರು ಬರಲ್ಲ. ವರ್ಷಾನುಗಟ್ಲೆ ಬ್ಯಾರೆಯೋರ ಹಬ್ಬಕ್ಕೆ ದೀಪ ಕಟ್ಟೀವಿ. ಒಂದಿನ ನಮ್ಮನೆ ದೀಪ ನಾವು ನೋಡ್ಬಾರ್ದಾ?"

"ಸ್ಟೇಜು ಹನ್ನೆರಡಕ್ಕೆ ಮುಗೀಬೇಕು."

"ಹನ್ನೆರಡಕ್ಕೆ ಮದುಮಗ ಬರ್ತಾನಾ? ಆರೂವರೆಗೆ ಅಲ್ವಾ ರಿಸೆಪ್ಷನ್ನು? ಆರೂವರೆ ಅಂದ್ರೆ ನಮ್ಮೂರಾಗೆ ಎಂಟು. ಚೌಕಟ್ಟು, ಬಟ್ಟೆ, ಲೈಟು ನಾಳೆ ರೋಜಾ ಇದ್ಕಂಡೇ ಕಟ್ಟಿ ಬಿಡ್ತೀವಿ. ಹಾಲ್ ಹೆಂಗೂ ಖಾಲಿ ಐತೆ. ಹೂವು ಮಾತ್ರ ನಾಳೆನೇ ಹಾಕಿದ್ರೆ ಈ ಬಿಸಿಲಿಗೆ ಸತ್ತೋಗ್ತಾವೆ. ಶನಿವಾರ ನಮಾಜು, ಸುರ್‌ಕುಂಬಾ ಪಾಯಸ, ಊಟ ಮುಗಿಸಿ ಎರಡಕ್ಕೆ ಬರ್ತೀವಿ. ಐದಕ್ಕೆ ಸ್ಟೇಜು ನಿಮ್ದು."

ಸಾಹೇಬರಿಗೆ ಒಪ್ಪದೆ ಬೇರೆ ದಾರಿ ಇರಲಿಲ್ಲ. ಅಕ್ಕನಾಗಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದರು. ಆ ಕಡೆಯಿಂದ ಬಂದ ಮಾತು ಅಡ್ಡಗೋಡೆ ದಾಟಿ ನನಗೂ ಕೇಳಿಸಿತು. "ಅಯ್ಯ, ಅಷ್ಟೇನಾ? ಎರಡಕ್ಕೆ ಬರ್ಲಿ ಬಿಡ್ರಿ. ನಾವೇ ಹರಿಹರ ಬಿಡೋದು ನಾಕಾಗ್ತತಿ."

ಹೀಗೆ ಎಲ್ಲರಿಗೂ ಹಬ್ಬ ಸಿಕ್ಕಿತು. ಅತೀಕನಿಗೆ ಸಿಕ್ಕಿತು, ಅವನ ಆಳುಗಳಿಗೆ ಸಿಕ್ಕಿತು. ಜನರೇಟರ್ ನೋಡಿಕೊಳ್ಳುವ ಕರೀಂ ಸಾಬರಿಗೂ ಸಂಜೆವರೆಗೆ ರಜೆ ಕೊಟ್ಟರು. ಒಬ್ಬರು ಮಾತ್ರ ಉಳಿದರು. ಶನಿವಾರ ಬೆಳಗ್ಗೆ ಹಾಲು, ತರಕಾರಿ, ಹೂವು ಬರುತ್ತವೆ. ಅಡುಗೆಯವರಿಗೆ ಪಾತ್ರೆ ಎಣಿಸಿ ಕೊಡಬೇಕು. ಹೆಣ್ಣಿನ ಕಡೆಯವರಿಗೆ ಕೋಣೆಯ ಬೀಗ ಕೊಡಬೇಕು. ಕೀಲಿಗೊಂಚಲು ಇದ್ದವರು ಇರಲೇಬೇಕಲ್ಲ.

"ಮಧ್ಯಾಹ್ನ ಒಂದು ಗಂಟೆ ಹೋಗಿ ಬರ್ತೀನಿ, ಮಂಗಳಮ್ಮ. ಮನೆ ಏನು ಮುಂಬೈಯಾಗೈತಾ, ಎರಡು ತಿರುವು. ಹಯಾತ್ ಸಾಬ್ರು ಊಟಕ್ಕೆ ಕೂಡೋ ಹೊತ್ತಿಗೆ ನಾನಲ್ಲಿರ್ತೀನಿ."

"ಭಾನುವಾರದ ಮಾತು ಖತೀಜಾಬೀಗಾದ್ರೂ ಹೇಳಿಡ್ರಿ" ಎಂದೆ.

"ಹೇಳಿದ್ರೆ ಬೀಗರು ಚಪ್ಲಿ ಬಿಡೋ ಮುಂಚೆ ಹೇಳಿಬಿಡ್ತಾಳೆ" ಎಂದು ನಕ್ಕರು.

ಶುಕ್ರವಾರ ಸಂಜೆ ಅದೇ ಮಾಳಿಗೆಯ ಮೇಲೆ ಚಂದ್ರ ಕಂಡ. ಉಗುರಿನ ಚೂರಿನಷ್ಟು. ನಾನು ಈ ಕಡೆ ಕೈ ಮುಗಿದೆ, ಅವರು ಆ ಕಡೆ ದುವಾ ಮಾಡಿದರು.

ಶನಿವಾರ ಸಾಹೇಬರು ಈದ್ಗಾದಲ್ಲಿ ನಮಾಜು ಮುಗಿಸಿ ಹೊಸ ಕುರ್ತಾದಲ್ಲೇ ನೇರ ಮಂಟಪಕ್ಕೆ ಬಂದರು. ಅತ್ತರಿನ ಘಮ ಉಗ್ರಾಣದ ಇಂಗಿನ ವಾಸನೆಯನ್ನೂ ಮುಚ್ಚಿತು. ಹಾಲು ಬಂತು. ಹೂವಿನ ಗಂಟುಗಳು ಬಂದವು, ಒದ್ದೆ ಗೋಣಿ ಹೊದಿಸಿ ನನ್ನ ಉಗ್ರಾಣದ ತಂಪಿನಲ್ಲಿ ಇಟ್ಟೆವು. ತರಕಾರಿಯ ಗಾಡಿ ಬಂತು, ಆದರೆ ಅದರಲ್ಲಿ ಸೌತೆಕಾಯಿ ಇರಲಿಲ್ಲ, ಅದಕ್ಕೊಂದು ಫೋನು. ಮಧ್ಯಾಹ್ನ ಹೊರಡಬೇಕು ಎನ್ನುವಾಗ ಕೃತಿಕಾಳ ಸೋದರಮಾವ ಬಂದು, ತಮಗೆ ಕೊಟ್ಟ ಕೋಣೆ ಗಂಡಿನ ಕಡೆಯವರ ಕೋಣೆಗಿಂತ ಚಿಕ್ಕದು ಎಂದರು. ಸಾಹೇಬರು ಎರಡನ್ನೂ ಅಳೆದು ತೋರಿಸಿದರು. ಒಂದೇ ಅಳತೆ. "ಆದ್ರೂ ಅದು ದೊಡ್ಡದಾಗಿ ಕಾಣ್ತತಿ" ಎಂದರು ಸೋದರಮಾವ. ಕೋಣೆ ಬದಲಾಯಿಸಿ ಕೊಟ್ಟರು.

ಮತ್ತೆ ಹೊರಟರು. ಗೇಟಿನ ಹತ್ತಿರ ಹೋಗಿದ್ದರು, ಕರೆಂಟು ಹೋಯಿತು. ಅಡುಗೆಮನೆಯಲ್ಲಿ ತೆಂಗಿನಕಾಯಿ ರುಬ್ಬುತ್ತಿದ್ದ ಯಂತ್ರ ನಿಂತಿತು, ಅಡುಗೆಯವರು ಕೂಗಿಕೊಂಡರು. ಜನರೇಟರ್ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದಿತ್ತು. ಕರೀಂ ಸಾಬರು ಹಬ್ಬದ ಊಟದಲ್ಲಿದ್ದರು. ಅವರನ್ನು ಎಬ್ಬಿಸಲು ಸಾಹೇಬರಿಗೆ ಮನಸ್ಸು ಬರಲಿಲ್ಲ. ಕುರ್ತಾದ ತೋಳು ಮಡಚಿ, ಸ್ಕ್ರೂ ಸಡಿಲಿಸಿ, ಪಂಪು ಒತ್ತಿ ಒತ್ತಿ ಗಾಳಿ ತೆಗೆಯುತ್ತಾ ಕೂತರು. ಫೋನು ಅವರ ಮೇಜಿನ ಮೇಲೇ ಉಳಿದಿತ್ತು, ನಾನು ಅಡುಗೆಮನೆಯಲ್ಲಿದ್ದೆ. ಜನರೇಟರ್ ಶುರುವಾದ ಮೇಲೆ ಅದರ ಸದ್ದಿನಲ್ಲಿ ಯಾರು ಕೂಗಿದರೂ ಯಾರಿಗೂ ಕೇಳುತ್ತಿರಲಿಲ್ಲ. ಡೀಸೆಲ್ ಕಲೆಯ ಕುರ್ತಾದಲ್ಲಿ ಅವರು ಮನೆಗೆ ಓಡಿದಾಗ, ಇತ್ತ ಅತೀಕನ ಆಳುಗಳು ಹೊಟ್ಟೆ ತುಂಬ ಉಂಡು, ಹೊಸ ಬಟ್ಟೆಯಲ್ಲಿ ನಗುತ್ತಾ ಸ್ಟೇಜಿಗೆ ಹೂ ಹಾಕುತ್ತಿದ್ದರು.

ಬೇಗನೆ ತಿರುಗಿ ಬಂದರು. ನನ್ನ ಕೈಗೆ ಸುರ್‌ಕುಂಬಾದ ಡಬ್ಬಿ ಕೊಟ್ಟು ಸ್ಟೇಜಿನ ಕಡೆ ಹೋದರು. ಏನಾಯಿತೆಂದು ನನಗೆ ತಿಳಿದದ್ದು ಸೋಮವಾರ.

ಆರತಕ್ಷತೆಗೆ ಏನೂ ಕೊರತೆಯಾಗಲಿಲ್ಲ. ಅತೀಕ್ ಐದಕ್ಕೆ ಮುಗಿಸಿದ. ಹನ್ನೆರಡಕ್ಕೆ ಮುಗಿದಿದ್ದರೆ ಬಾಡುತ್ತಿದ್ದ ಗುಲಾಬಿ ತಡವಾದದ್ದಕ್ಕೇ ರಾತ್ರಿಯವರೆಗೂ ನಗುತ್ತಿತ್ತು. ಮದುಮಗ ಎಂಟಕ್ಕೆ ಬಂದ. ಹೇಳಿದ್ದಕ್ಕಿಂತ ಹೆಚ್ಚು ಜನ ಬಂದರು, ಸಾಹೇಬರ ಅಕ್ಕಿ ಕೆಲಸಕ್ಕೆ ಬಂತು. ಅಕ್ಕನಾಗಮ್ಮ ಸ್ಟೇಜಿನ ಮುಂದೆ ನಿಂತು, "ಸಾಬ್ರೆ, ಏನು ಪ್ಲಾನ್ರಿ ನಿಮ್ದು! ನಿಮ್ಮ ಮನ್ಯಾಗಿನ ಮದ್ವೆ ಇನ್ನ ಹೆಂಗೆ ಮಾಡ್ತೀರೋ" ಎಂದರು. ಸಾಹೇಬರು ತಲೆ ಬಗ್ಗಿಸಿ ಸಲಾಮು ಮಾಡಿದರು. ಭಾನುವಾರ ಮುಹೂರ್ತವೂ ಮುಗಿದು, ಮೂರು ಗಂಟೆಯ ಬೀಗ ನಾಲ್ಕೂವರೆಗೆ ಕೈಗೆ ಬಂತು. ಅದೂ ಎಂದಿನಂತೆಯೇ.

ಸೋಮವಾರ ಬೆಳಗ್ಗೆ ಸಾಹೇಬರ ಕನ್ನಡಕ ಮನೆಯಲ್ಲೇ ಉಳಿದಿತ್ತು ಎಂದು ಖತೀಜಾಬೀ ತಂದರು. ಸಾಹೇಬರು ಹಿಂದೆ ಸಿಲಿಂಡರ್ ಎಣಿಸುತ್ತಿದ್ದರು. ನನ್ನ ಮಣೆಯ ಮೇಲೆ ಕೂತು ಆಕೆ ನಿಟ್ಟುಸಿರು ಬಿಟ್ಟರು.

"ನೀವೇ ಹೇಳ್ರಿ ಮಂಗಳಮ್ಮ. ಬೀಗ್ರು ಎಷ್ಟೊತ್ತು ಕಾಯ್ತಾರೆ? ಇವರಿಗೆ ಫೋನ್ ಮ್ಯಾಲೆ ಫೋನ್. ಎತ್ತಲಿಲ್ಲ. ಹಯಾತ್ ಸಾಬ್ರು ನವೆಂಬರ್ ಎರಡನೇ ಭಾನುವಾರ ಅಂದ್ರು. ನಾನು ಆಗ್ಲಿ ಅಂದೆ. ಫಾತಿಹಾ ಓದಿ ಸಕ್ಕರೆ ಹಂಚಿದ್ವಿ. ಇವ್ರು ಡೀಸೆಲ್ ಹಚ್ಕಂಡು ಬಂದ್ರು, ಡೇಟು ಕೇಳಿ ಹಂಗೇ ಗೋಡೆಗೆ ಒರಗಿ ನಿಂತ್ರು. ಅವತ್ತು ಇಲ್ಲಿ ಬ್ಯಾರೆ ಮದ್ವೆ ಐತಂತೆ, ಇವ್ರೇ ರಸೀದಿ ಕೊಟ್ಟಾರಂತೆ. ಅಕ್ಟೋಬರ್ ಭಾನುವಾರ ಸಾಯಿಮಾಗಂತ ಇಟ್ಟಿದ್ರಂತೆ. ಯಾರಿಗೆ ಗೊತ್ತು? ನನಗೊಂದು ಮಾತು ಹೇಳಿದ್ರೆ ಇವರ ಗಂಟೇನು ಹೋಗ್ತಿತ್ತು?"

"ದಿನ ಬದಲಿಸಾಕೆ ಆಗಲ್ವಾ?"

"ಸಕ್ಕರೆ ಹಂಚಿದ ಮ್ಯಾಲೆ ಹೆಂಗ್ರಿ? ಕೇಳಿದ್ರೆ ಹಯಾತ್ ಸಾಬ್ರು ಏನು ತಿಳ್ಕಂತಾರೋ. ಅವರೇ ಹರಿಹರದಾಗೆ ಒಂದು ಹಾಲ್ ಹೇಳ್ಯಾರೆ, ಖಾಲಿ ಐತೋ ಇಲ್ವೋ ಕೇಳ್ಬೇಕು. ಸಾಯಿಮಾ ಏನಂದ್ಲು ಗೊತ್ತಾ? 'ಅಬ್ಬಾ, ಅಲ್ಲಾದ್ರೆ ನೀವು ಒಂದಿನ ಕೂತು ಊಟ ಮಾಡ್ತೀರಿ. ಇಲ್ಲಾಗಿದ್ರೆ ನನ್ನ ಮದ್ವೆಯಾಗೂ ಜನರೇಟರ್ ಹತ್ರನೇ ಇರ್ತಿದ್ರಿ' ಅಂದ್ಲು. ಅದಕ್ಕೆ ಇವರು ನಕ್ಕರೋ ಅತ್ತರೋ, ನನಗೆ ತಿಳೀಲಿಲ್ಲ."

ಆಕೆ ಹೋದ ಮೇಲೆ ಸಾಹೇಬರು ಬಂದರು. ಮದುವೆಯ ಮಾರನೆ ದಿನದ ಕೆಲಸ ಎಂದಿನ ಹಾಗೇ ಇತ್ತು. ಅಕ್ಕನಾಗಮ್ಮನ ಕಡೆಯ ಹಿರಿಯರೊಬ್ಬರು ಬಂದು ಪಾತ್ರೆ ಎಣಿಸಿದರು. ಒಂದು ಸೌಟು ಕಡಿಮೆ ಬಂದು, ಒಂದು ಜರಡಿ ಹೆಚ್ಚಿಗೆ ಬಂತು. ಮರೆತುಹೋದ ಸಾಮಾನಿನಲ್ಲಿ ಒಂದು ಕಿವಿಯ ಝುಮಕಿ, ಮಗುವಿನ ಒಂದೇ ಒಂದು ಬೂಟು, ಯಾರದೋ ಹಲ್ಲಿನ ಸೆಟ್ಟು. ಬಾಡಿದ ಹೂವನ್ನು ಹಸಿ ಕಸದ ಕಡೆ, ಪ್ಲಾಸ್ಟಿಕ್ಕನ್ನು ಒಣ ಕಸದ ಕಡೆ ಹಾಕಿ ಪಾಲಿಕೆಯ ಗಾಡಿಗೆ ತುಂಬಿಸಿದರು.

ಆಮೇಲೆ ಮೇಜಿಗೆ ಕೂತು ಹರಿಹರದ ಆ ಹಾಲಿಗೆ ಫೋನ್ ಹಚ್ಚಿದರು. ಆ ಕಡೆಯ ಮ್ಯಾನೇಜರು ಗಟ್ಟಿ ಗಂಟಲಿನವನು.

"ದಿನ ಗೊತ್ತು ಮಾಡ್ಕಂಡು ಕೇಳ್ತೀರೋ, ಕೇಳ್ಕಂಡು ಗೊತ್ತು ಮಾಡ್ತೀರೋ?"

"ಗೊತ್ತು ಮಾಡ್ಕಂಡ್ವಿ, ಸರ್."

"ನೋಡ್ರಿ, ಎಲ್ರೂ ಮಾಡೋದೇ ಇದು. ಮೊದ್ಲು ಹಾಲ್ ಕೇಳ್ಬೇಕು ಅಂತ ನಿಮಗೆ ಯಾರೂ ಹೇಳ್ಲಿಲ್ವಾ?"

ಅಡ್ಡಗೋಡೆಯ ಆಚೆ ಬುಕಿಂಗ್ ಪುಸ್ತಕ ಮುಚ್ಚಿದ ಸದ್ದಾಯಿತು. ಆಮೇಲೆ ಸಾಹೇಬರು, "ಹೇಳಿದ್ರು, ಸರ್. ನಾವು ಕಿವಿಗೆ ಹಾಕ್ಕಳ್ಲಿಲ್ಲ" ಎಂದರು.

ಆ ದಿನ ಖಾಲಿ ಇತ್ತು. ಆತ ಮುಂಗಡ, ರಸೀದಿ, ಮೂರು ತಿಂಗಳು, ಒಂದು ವಾರ, ಮೂರು ಗಂಟೆಯ ಬೀಗ, ಎಲ್ಲವನ್ನೂ ಮೊದಲಿಂದ ಕಡೆಯವರೆಗೆ ಹೇಳಿದ. ಸಾಹೇಬರು ನಡುವೆ ಬಾಯಿ ಹಾಕದೆ "ಹ್ಞೂಂ ಸರ್, ಹ್ಞೂಂ ಸರ್" ಎಂದು ಕೇಳಿದರು. ನಾಳೆಯೇ ಹೋಗಿ ಮುಂಗಡ ಕೊಟ್ಟು ಬರುತ್ತೇನೆ ಎಂದರು. ಕಡೆಗೆ ಒಂದು ಮಾತು ಮಾತ್ರ ಕೇಳಿದರು.

"ಸರ್, ಜನರೇಟರ್‌ನೋನು ಅವತ್ತು ಇರ್ತಾನಾ?"

ಫೋನು ಇಟ್ಟ ಮೇಲೆ ಹೊರಗೆ ಕೂತು ಕಾಯುತ್ತಿದ್ದ ಗಂಡಹೆಂಡತಿ ಒಳಗೆ ಬಂದರು. ಮಗನ ಮದುವೆಗೆ ಅಕ್ಟೋಬರಿನ ಕೊನೆಯ ಭಾನುವಾರ ಸಿಗಬಹುದೇ, ಹೋದ ತಿಂಗಳು ಕೇಳಿದಾಗ ಬಣ್ಣ ಹೊಡೆಸುತ್ತೀವಿ ಎಂದಿದ್ದಿರಿ ಎಂದರು.

"ಬಣ್ಣ ಬ್ಯಾಡ ಅಂದ್ರು ಮಾಲೀಕ್ರು" ಎಂದು ಸಾಹೇಬರು ಬುಕಿಂಗ್ ಪುಸ್ತಕ ತೆಗೆದು, ಖಾಲಿ ಇದ್ದ ಆ ಸಾಲಿನಲ್ಲಿ ಅವರ ಹೆಸರು ಬರೆದುಕೊಂಡರು. ರಸೀದಿ ಹರಿದು ಕೊಟ್ಟರು. "ಕೂಡ್ರಿ, ನೀರು ಕುಡೀರಿ" ಎಂದರೇ ಹೊರತು ಎಂದಿನ ಉದ್ದದ ಮಾತನ್ನು ಅವತ್ತು ಆಡಲಿಲ್ಲ.

ಅವರನ್ನು ಕಳಿಸಿ ಉಗ್ರಾಣಕ್ಕೆ ಬಂದರು. ಜಮಖಾನೆಗಳಿಗೆ ಪಾಯಸ ಚೆಲ್ಲಿ ಅಂಟಂಟಾಗಿತ್ತು.

"ಹಿಡೀರಿ ಮಂಗಳಮ್ಮ, ಆ ತುದಿ."

ಹಿಂದಿನ ಬಯಲಿಗೆ ಒಯ್ದೆವು. ಅವರು ಕೊಳವೆಯಲ್ಲಿ ನೀರು ಬಿಟ್ಟರು, ನಾನು ಪೊರಕೆಯಿಂದ ತಿಕ್ಕಿದೆ. ಎರಡು ತುದಿ ಹಿಡಿದು ಹಿಂಡಿ, ತಂತಿಯ ಮೇಲೆ ಹರವಿದೆವು. ನೀರು ತೊಟ್ಟಿಕ್ಕುತ್ತಿರುವಾಗಲೇ ಅವರು ಎರಡನೆಯದನ್ನು ತರಲು ಒಳಗೆ ಹೋದರು.